ಶಟರ್ ಎಷ್ಟು ಗಂಟೆಗೆ ಎಳೆಯಬೇಕು? ಒಂದು ಬೇಕರಿಯ ಲೆಕ್ಕ

ಅಂಗಡಿ ಎಷ್ಟು ಹೊತ್ತಿಗೆ ತೆರೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬುದನ್ನು ಹೆಚ್ಚಿನವರು ಪಕ್ಕದ ಅಂಗಡಿ ನೋಡಿಕೊಂಡು ತೀರ್ಮಾನಿಸುತ್ತಾರೆ. ಎದುರಿನವನು ಹನ್ನೊಂದರವರೆಗೆ ತೆರೆದಿದ್ದರೆ ನಾವೂ ಹನ್ನೊಂದರವರೆಗೆ. ಇನ್ನು ಕೆಲವರು ಗಲ್ಲಾ ನೋಡುತ್ತಾರೆ: ಆ ಗಂಟೆಯಲ್ಲಿ ಸಾವಿರ ರೂಪಾಯಿ ಬಂತು, ಹುಡುಗನ ಕೂಲಿ ನೂರು ರೂಪಾಯಿ, ಹಾಗಾದರೆ ಲಾಭ ಎಂದು. ಎರಡನೆಯ ದಾರಿ ಸರಿಯಾದ ದಿಕ್ಕಿನಲ್ಲೇ ಇದೆ, ಆದರೆ ಅದರಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಗಲ್ಲಾಕ್ಕೆ ಬಂದದ್ದೆಲ್ಲ ನಿಮ್ಮದಲ್ಲ. ಶಟರ್ ಎಳೆದ ತಕ್ಷಣ ಖರ್ಚೆಲ್ಲ ನಿಲ್ಲುವುದೂ ಇಲ್ಲ.

ಇದನ್ನು ಒಂದು ಬೇಕರಿ ಇಟ್ಟುಕೊಂಡು ನೋಡೋಣ. ಊರು ಚನ್ನರಾಯಪಟ್ಟಣದಂಥದ್ದು ಎಂದುಕೊಳ್ಳಿ. ಬಸ್ ನಿಲ್ದಾಣದಿಂದ ಎರಡು ಬೀದಿ ಆಚೆ ಅಂಗಡಿ. ಬೆಳಿಗ್ಗೆ 6ಕ್ಕೆ ತೆರೆದು ರಾತ್ರಿ 11ಕ್ಕೆ ಮುಚ್ಚುತ್ತದೆ. ಹಾಲು, ಮೊಸರಿನ ಪ್ಯಾಕೆಟ್, ಬ್ರೆಡ್, ಬನ್ನು, ಪಫ್ಸ್, ಬೆಣ್ಣೆ ಬಿಸ್ಕತ್ತು, ನಿಪ್ಪಟ್ಟು, ಆರ್ಡರ್ ಕೊಟ್ಟರೆ ಕೇಕು. ಹಿಂದುಗಡೆ ಭಟ್ಟಿ, ಮುಂದೆ ಕೌಂಟರ್. ಕೌಂಟರಿಗೆ ಇಬ್ಬರು ಹುಡುಗರು: ಒಬ್ಬ ಬೆಳಿಗ್ಗೆ 6ರಿಂದ 3ರವರೆಗೆ, ಇನ್ನೊಬ್ಬ ಮಧ್ಯಾಹ್ನ 1ರಿಂದ ರಾತ್ರಿ 10ರವರೆಗೆ, ಇಬ್ಬರಿಗೂ ನಡುವೆ ಒಂದು ಗಂಟೆ ಬಿಡುವು. ರಾತ್ರಿ 10ರಿಂದ 11ರವರೆಗೆ ಎರಡನೆಯವನೇ ಹೆಚ್ಚುವರಿ ನಿಲ್ಲುತ್ತಾನೆ. ಮಾಲೀಕರು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಪೂರ್ತಿ ಇರುತ್ತಾರೆ. ಇಲ್ಲಿನ ಮೊತ್ತಗಳೆಲ್ಲ ಲೆಕ್ಕ ಅರ್ಥವಾಗಲೆಂದು ಹಿಡಿದವು. ನಿಮ್ಮ ಅಂಗಡಿಯ ಮೊತ್ತ ಬೇರೆ ಇರುತ್ತದೆ, ದಾರಿ ಇದೇ.

ಮೊದಲು ಗಂಟೆಗಂಟೆಯ ಮಾರಾಟ ಗೊತ್ತಾಗಬೇಕು. ಬಿಲ್ಲಿಂಗ್ ಮಷಿನ್ ಇದ್ದರೆ ಅದರಲ್ಲೇ ಗಂಟೆವಾರು ರಿಪೋರ್ಟ್ ಸಿಗುವುದುಂಟು. ಇಲ್ಲದಿದ್ದರೆ ಯುಪಿಐ ಮತ್ತು ನಗದು ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ಯುಪಿಐಗೆ ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅಂಗಡಿಯ ಕ್ಯೂಆರ್‌ಗೆ ಬಂದ ದುಡ್ಡು ಎಷ್ಟೋ ಕಡೆ ದಿನಕ್ಕೊಮ್ಮೆ ಒಟ್ಟಾಗಿ ಖಾತೆಗೆ ಬೀಳುತ್ತದೆ. ಆ್ಯಪ್‌ನಿಂದ ಒಂದೊಂದು ಪಾವತಿಯ ಸಮಯವಿರುವ ಪಟ್ಟಿಯನ್ನೇ ಇಳಿಸಿಕೊಳ್ಳಬೇಕು. ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಸಮಯವಿರುವ ಕಾಲಮ್ಮಿನ ಪಕ್ಕದಲ್ಲಿ `=HOUR(A2)` ಎಂದು ಹಾಕಿ ಕೆಳಗೆ ಎಳೆದರೆ ಪ್ರತಿ ಪಾವತಿ ಯಾವ ಗಂಟೆಯದು ಎಂದು ಬರುತ್ತದೆ. `#VALUE!` ಎಂದು ತೋರಿಸಿದರೆ ಆ ಕಾಲಮ್ಮಿನಲ್ಲಿರುವುದನ್ನು ಎಕ್ಸೆಲ್ ಸಮಯವೆಂದು ಗುರುತಿಸದೆ ಬರೀ ಅಕ್ಷರಗಳೆಂದು ಓದುತ್ತಿದೆ ಎಂದರ್ಥ. ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ನಗದಿಗೆ ಸುಲಭದ ಉಪಾಯ ಇಲ್ಲ. ಪ್ರತಿ ಗಂಟೆ ಹೊಡೆದಾಗ ಗಲ್ಲಾದಲ್ಲಿ ಎಷ್ಟಿದೆ ಎಂದು ಎಣಿಸಿ ಚೀಟಿಯಲ್ಲಿ ಬರೆಯಬೇಕು, ನಡುವೆ ಹಾಲಿನವರಿಗೋ ಗ್ಯಾಸಿನವರಿಗೋ ಕೊಟ್ಟದ್ದನ್ನು ಪಕ್ಕದಲ್ಲಿ ಗುರುತು ಹಾಕಬೇಕು. ಬರೀ ಯುಪಿಐ ನೋಡಿ ನಗದನ್ನು ಅಂದಾಜು ಮಾಡಲು ಹೋಗಬೇಡಿ. ಬೆಳಿಗ್ಗೆ ಹಾಲಿಗೆ ಬರುವ ಹಿರಿಯರು ಚಿಲ್ಲರೆ ಕೊಡುತ್ತಾರೆ, ಸಂಜೆ ಕಾಲೇಜು ಹುಡುಗರು ಹತ್ತು ರೂಪಾಯಿಗೂ ಸ್ಕ್ಯಾನ್ ಮಾಡುತ್ತಾರೆ; ಒಂದೇ ಅನುಪಾತ ಇಡೀ ದಿನಕ್ಕೆ ಹೊಂದುವುದಿಲ್ಲ. ಉದ್ರಿ ಪುಸ್ತಕದ ಗಿರಾಕಿಗಳನ್ನೂ ಮರೆಯಬಾರದು. ತಿಂಗಳಿಗೊಮ್ಮೆ ದುಡ್ಡು ಕೊಡುವವರು ದಿನಾ ಬೆಳಿಗ್ಗೆ ಒಯ್ಯುವ ಹಾಲನ್ನು, ಒಯ್ದ ಗಂಟೆಯ ಮಾರಾಟ ಎಂದೇ ಬರೆಯಬೇಕು, ದುಡ್ಡು ಬಂದ ಗಂಟೆಯದೆಂದಲ್ಲ.

ನಾಲ್ಕು ವಾರ ಹೀಗೆ ಬರೆದರೆ ಸಾಕು. ಅಷ್ಟರಲ್ಲಿ ತಿಂಗಳ ಮೊದಲ ವಾರದ ಸಂಬಳದ ಭರಾಟೆಯೂ ಕೊನೆಯ ವಾರದ ಬಿಗಿಯೂ ಬಂದಿರುತ್ತವೆ. ದೊಡ್ಡ ಆರ್ಡರುಗಳನ್ನು ಮಾತ್ರ ತೆಗೆದಿಡಿ. ಯಾರೋ ರಾತ್ರಿ ಒಂಬತ್ತೂವರೆಗೆ ಬಂದು ಎರಡು ಸಾವಿರದ ಹುಟ್ಟುಹಬ್ಬದ ಕೇಕ್ ಒಯ್ದರೆ ಅದು ಆ ಗಂಟೆಯ ಸಾಧನೆಯಲ್ಲ. ಆರ್ಡರ್ ಕೊಟ್ಟವರು ನೀವು ಹೇಳಿದ ಹೊತ್ತಿಗೆ ಬಂದು ಒಯ್ಯುತ್ತಾರೆ.

ಈಗ ನಮ್ಮ ಬೇಕರಿಯ ಐದು ಗಂಟೆಗಳನ್ನು ನೋಡಿ. ಹಾಲು ಮೊಸರಿನಲ್ಲಿ ನೂರು ರೂಪಾಯಿಗೆ 4 ರೂಪಾಯಿ ಉಳಿಯುತ್ತದೆ, ಭಟ್ಟಿಯ ಸಾಮಾನಿನಲ್ಲಿ ಮೈದಾ, ಎಣ್ಣೆ, ಗ್ಯಾಸು, ಕವರು, ಹಾಳಾಗುವುದು ಎಲ್ಲ ಕಳೆದು ನೂರಕ್ಕೆ 35 ಉಳಿಯುತ್ತದೆ ಎಂದು ಹಿಡಿದಿದ್ದೇನೆ.

| ಗಂಟೆ | ಮಾರಾಟ (ರೂ.) | ಅದರಲ್ಲಿ ಹಾಲು ಮೊಸರು | ಉಳಿಯುವುದು |
|---|---|---|---|
| ಬೆಳಿಗ್ಗೆ 6–7 | 3,000 | 2,400 | 306 |
| ಮಧ್ಯಾಹ್ನ 2–3 | 500 | 50 | 160 |
| ಸಂಜೆ 6–7 | 3,200 | 400 | 996 |
| ರಾತ್ರಿ 9–10 | 1,500 | 500 | 370 |
| ರಾತ್ರಿ 10–11 | 600 | 250 | 132 |

ಮಾರಾಟ ನೋಡಿದರೆ ಬೆಳಿಗ್ಗೆ ಆರರ ಗಂಟೆ ಸಂಜೆಗೆ ಸರಿಸಮ. ಉಳಿಯುವುದನ್ನು ನೋಡಿದರೆ ಸಂಜೆ ಅದರ ಮೂರು ಪಟ್ಟಿಗಿಂತ ಹೆಚ್ಚು. ರಾತ್ರಿ ಒಂಬತ್ತರ ಗಂಟೆ ಬೆಳಗಿನ ಅರ್ಧದಷ್ಟು ಮಾರಾಟದಲ್ಲೇ ಬೆಳಿಗ್ಗೆಗಿಂತ ಹೆಚ್ಚು ಉಳಿಸುತ್ತದೆ. ಬೇಕರಿ ಮಾತ್ರವಲ್ಲ, ಹಾಲು, ಸಿಗರೇಟು, ಮೊಬೈಲ್ ರೀಚಾರ್ಜಿನಂಥ ತೆಳು ಲಾಭದ ಸರಕು ಇರುವ ಯಾವ ಅಂಗಡಿಯಲ್ಲೂ ಗಲ್ಲಾದ ಮೊತ್ತ ಹೀಗೆ ಕಣ್ಣು ಕಟ್ಟುತ್ತದೆ. ಹಾಗೆಂದು ಹಾಲು ಬಿಡಿ ಎನ್ನುತ್ತಿಲ್ಲ. ಹಾಲಿಗೆ ಬಂದವರೇ ಬನ್ನು ಒಯ್ಯುವುದು. ಏಳಕ್ಕೆ ತೆರೆದರೆ ಹಾಲಿನ ಜತೆ, ಆ ಗಂಟೆಯ 600 ರೂಪಾಯಿ ಭಟ್ಟಿಯ ಸಾಮಾನಿನಲ್ಲಿ ಉಳಿಯುವ 210 ರೂಪಾಯಿಯೂ ಬೂತಿನ ಪಕ್ಕದ ಅಂಗಡಿಗೆ ಹೋಗುತ್ತದೆ.

ಇನ್ನು ಖರ್ಚಿನ ಬದಿ. ಬಾಡಿಗೆಯನ್ನು ಗಂಟೆಗಳಿಗೆ ಹಂಚುವ ಅಭ್ಯಾಸ ಕೆಲವರಿಗಿದೆ: ತಿಂಗಳ ಬಾಡಿಗೆಯನ್ನು ತೆರೆದಿರುವ ಗಂಟೆಗಳಿಂದ ಭಾಗಿಸಿ, ಪ್ರತಿ ಗಂಟೆಯ ತಲೆಯ ಮೇಲೆ ಹೊರಿಸುವುದು. ಅಂಗಡಿ ಒಟ್ಟಾರೆ ನಡೆಯುತ್ತದೋ ಇಲ್ಲವೋ ಎಂದು ನೋಡಲು ಬಾಡಿಗೆ ಬೇಕು. ಒಂದು ಗಂಟೆ ಮುಚ್ಚುವುದೋ ಬೇಡವೋ ಎಂಬುದಕ್ಕೆ ಬೇಡ, ಏಕೆಂದರೆ ಹತ್ತಕ್ಕೆ ಮುಚ್ಚಿದಿರಿ ಎಂದು ಕಟ್ಟಡದ ಮಾಲೀಕರು ಬಾಡಿಗೆ ಕಡಿಮೆ ಮಾಡುವುದಿಲ್ಲ. ಬಾಡಿಗೆ ಹಂಚಿ ನೋಡಿದರೆ ಮಧ್ಯಾಹ್ನದ ಗಂಟೆಗಳೆಲ್ಲ ನಷ್ಟದಂತೆ ಕಾಣುತ್ತವೆ. ಅವನ್ನು ಮುಚ್ಚಿದರೆ ಉಳಿದ ಗಂಟೆಗಳ ಮೇಲೆ ಬಾಡಿಗೆ ಇನ್ನೂ ಭಾರವಾಗಿ, ಅವೂ ನಷ್ಟದಂತೆ ಕಾಣತೊಡಗುತ್ತವೆ. ಕೇಕಿನ ಫ್ರಿಜ್ಜಿನ ಕರೆಂಟೂ ಹಾಗೆಯೇ, ಶಟರ್ ಇಳಿದ ಮೇಲೂ ಅದು ಓಡುತ್ತಲೇ ಇರಬೇಕು. ನಿಲ್ಲುವುದು ಲೈಟು, ಫ್ಯಾನು, ಬೋರ್ಡಿನ ದೀಪ. ಗಂಟೆಗೆ ಹತ್ತು ರೂಪಾಯಿ ಎನ್ನೋಣ. ಭಟ್ಟಿಯವರ ಸಂಬಳಕ್ಕೂ ಕೌಂಟರಿನ ಗಂಟೆಗೂ ಸಂಬಂಧವಿಲ್ಲ.

ಕೌಂಟರ್ ಹುಡುಗನ ಗಂಟೆಗೆ ಎಷ್ಟು? ತಿಂಗಳಿಗೆ 15,000 ಸಂಬಳ. ಊಟ, ಕಾಫಿಗೆ 3,000. ಹಬ್ಬಕ್ಕೆ ಕೊಡುವ ಬೋನಸ್ಸು, ಬಟ್ಟೆಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 700. ಒಟ್ಟು 18,700. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆ. ಗಂಟೆಗೆ 90 ರೂಪಾಯಿ. ಸಂಬಳವನ್ನಷ್ಟೇ ಭಾಗಿಸಿದ್ದರೆ 72 ಬರುತ್ತಿತ್ತು. ಮಾಲೀಕರು ತಾವೇ ನಿಲ್ಲುವ ಗಂಟೆಗೂ ಇದೇ ದರ ಹಾಕಬೇಕು. ನನ್ನ ದುಡಿಮೆಗೆ ದುಡ್ಡು ಯಾಕೆ ಎಂದು ಅದನ್ನು ಸೊನ್ನೆ ಎಂದುಕೊಂಡರೆ ಲೆಕ್ಕ ಯಾವಾಗಲೂ ತೆರೆದೇ ಇಡು ಎನ್ನುತ್ತದೆ.

ಇಲ್ಲೊಂದು ತೊಡಕು ಇದೆ, ಇಡೀ ವಿಷಯದ ತಿರುಳು ಅದೇ. ಗಂಟೆಗೆ 90 ಎಂಬುದು ಸರಾಸರಿ. ಒಂದು ಗಂಟೆ ಮುಚ್ಚಿದರೆ 90 ಉಳಿಯುತ್ತದೆ ಎಂದು ಅದರ ಅರ್ಥವಲ್ಲ. ತಿಂಗಳ ಸಂಬಳದ ಹುಡುಗ ಎಂಟು ಗಂಟೆಯ ಬದಲು ಏಳು ಗಂಟೆ ನಿಂತರೂ ಸಂಬಳ ಅಷ್ಟೇ. ಮಧ್ಯಾಹ್ನ 2ರಿಂದ 4ರವರೆಗೆ ಗಿರಾಕಿ ಕಡಿಮೆ ಎಂದು ಶಟರ್ ಎಳೆದರೆ ನಮ್ಮ ಬೇಕರಿಗೆ ಉಳಿಯುವುದು ಇಪ್ಪತ್ತು ರೂಪಾಯಿಯ ಕರೆಂಟು, ಹೋಗುವುದು ಮುನ್ನೂರು ಚಿಲ್ಲರೆ. ಹುಡುಗರು ಅಂಗಡಿಯ ಮೇಲಿನ ರೂಮಿನಲ್ಲೇ ಇರುವವರಾದರೆ ಆ ಎರಡು ಗಂಟೆ ಮಲಗಿರುತ್ತಾರೆ, ಅಷ್ಟೇ. ಜೊತೆಗೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ರಸ್ಕ್ ಪ್ಯಾಕಿಂಗು, ಕೇಕ್ ಡಬ್ಬ ಮಡಚುವುದು, ಗಾಜು ಒರೆಸುವುದೆಲ್ಲ ಸಂಜೆಯ ನೂಕುನುಗ್ಗಲಿಗೆ ಬಂದು ಬೀಳುತ್ತದೆ. ಮೈಸೂರಿನ ಹಳೆಯ ಅಂಗಡಿಗಳಲ್ಲಿ, ಕರಾವಳಿಯಲ್ಲಿ ಊಟದ ಹೊತ್ತಿಗೆ ಬಾಗಿಲು ಹಾಕುವ ರೂಢಿ ಇದೆಯಲ್ಲ, ಅದು ಮಾಲೀಕರೊಬ್ಬರೇ ಕೂರುವ ಅಂಗಡಿಗೆ ಸರಿಯಾದದ್ದು. ಅಲ್ಲಿ ಮುಚ್ಚಿದ ಗಂಟೆ ನಿಜಕ್ಕೂ ಒಬ್ಬರ ದುಡಿಮೆಯನ್ನು ಉಳಿಸುತ್ತದೆ. ಸಂಬಳದ ಹುಡುಗನಿರುವಲ್ಲಿ ಉಳಿಸುವುದಿಲ್ಲ.

ಹಾಗಾದರೆ ಖರ್ಚು ನಿಜವಾಗಿ ನಿಲ್ಲುವ ಗಂಟೆ ಯಾವುದು? ಪಾಳಿಯ ಹೊರಗೆ, ಹೆಚ್ಚುವರಿ ಕೂಲಿ ಕೊಟ್ಟು ನಡೆಸುವ ಗಂಟೆ. ನಮ್ಮಲ್ಲಿ ಅದು ರಾತ್ರಿ 10–11. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಇಟ್ಟು, ಅದನ್ನು ಮೀರಿದ ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂದಿತು. ಸಂಜೆ ಹುಡುಗ ದಿನಕ್ಕೆ ಒಂಬತ್ತು ಗಂಟೆಯೇ ನಿಂತರೂ ಆರು ದಿನಕ್ಕೆ 54 ಆಗುತ್ತದೆ. ದಿನದ ಮಿತಿಯೊಳಗೇ ಇದ್ದೇವೆ ಎಂದು ಅನೇಕರು ಸುಮ್ಮನಾಗುವುದು ಇಲ್ಲೇ. ವಾರದ ಲೆಕ್ಕದಲ್ಲಿ ಆರು ಗಂಟೆ ಹೆಚ್ಚಾಗಿದೆ. ಗಂಟೆಗೆ 72ರ ದುಪ್ಪಟ್ಟು, 144. ಕರೆಂಟಿನ ಹತ್ತು ಸೇರಿ 154. ಉಳಿಯುತ್ತಿರುವುದು 132. ಅಂದರೆ ದಿನಕ್ಕೆ 22 ರೂಪಾಯಿ ಕೈಯಿಂದ ಹೋಗುತ್ತಿದೆ.

ಗಂಟೆಯ ಖರ್ಚನ್ನು ಆ ಗಂಟೆಯಲ್ಲಿ ರೂಪಾಯಿಗೆ ಉಳಿಯುವ ಭಾಗದಿಂದ ಭಾಗಿಸಿದರೆ ಕನಿಷ್ಠ ಎಷ್ಟು ಮಾರಾಟ ಬೇಕೆಂದು ಸಿಗುತ್ತದೆ. ಇಲ್ಲಿ 600ಕ್ಕೆ 132, ಅಂದರೆ ರೂಪಾಯಿಗೆ 22 ಪೈಸೆ. 154ನ್ನು 0.22ರಿಂದ ಭಾಗಿಸಿದರೆ 700. ರಾತ್ರಿ 10–11ರಲ್ಲಿ 700 ರೂಪಾಯಿ ಮಾರಾಟವಾದರೆ ಅಸಲು, ಅದಕ್ಕಿಂತ ಕಡಿಮೆಯಾದರೆ ನಷ್ಟ. ಈ ಒಂದು ಸಂಖ್ಯೆಯನ್ನು ಗಲ್ಲಾದ ಪಕ್ಕ ಬರೆದಿಟ್ಟುಕೊಂಡರೆ ದಿನಾ ಲೆಕ್ಕ ಹಾಕುವ ಗೋಜಿಲ್ಲ.

ಹಾಗೆಂದು ಇವತ್ತೇ ಹತ್ತಕ್ಕೆ ಶಟರ್ ಎಳೆಯುವ ಮೊದಲು 600 ಎಂಬ ಸರಾಸರಿಯನ್ನು ಬಿಚ್ಚಿ ನೋಡಬೇಕು. ವಾರದ ಆರು ದಿನ ಈ ಗಂಟೆಯಲ್ಲಿ 470ರ ಆಸುಪಾಸು, ಶನಿವಾರ ಮಾತ್ರ 1,380. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಶನಿವಾರ ಸಂಜೆಯ ಬಸ್ಸು ಹತ್ತಿ ಊರಿಗೆ ಇಳಿಯುವ ಹೊತ್ತು ಅದು. ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಖಾರ, ಬಿಸ್ಕತ್ತು ಕಟ್ಟಿಸುತ್ತಾರೆ. ಶನಿವಾರ 304 ಉಳಿಯುತ್ತದೆ, 154 ಕಳೆದರೂ ಲಾಭ. ಉಳಿದ ದಿನ 103 ಉಳಿಯುತ್ತದೆ, 51 ನಷ್ಟ. ಹಾಗಾಗಿ ಶನಿವಾರ 11, ಮಿಕ್ಕ ದಿನ 10. ಇದಕ್ಕಿಂತ ಹೆಚ್ಚು ಬಗೆಯ ವೇಳೆ ಇಡಬೇಡಿ ಎನ್ನುವುದು ನನ್ನ ಮಟ್ಟಿಗೆ ಕಟ್ಟುನಿಟ್ಟು. ಸೋಮವಾರ ಒಂಬತ್ತೂವರೆ, ಮಂಗಳವಾರ ಹತ್ತು, ಬುಧವಾರ ಹತ್ತೂಕಾಲು ಎಂದು ಕಾಗದದ ಮೇಲೆ ಲೆಕ್ಕ ಹೊಂದಿಸಬಹುದು, ಆದರೆ ಗಿರಾಕಿ ಕಾಗದ ಓದುವುದಿಲ್ಲ. ಎರಡು ಸಲ ಬಂದು ಇಳಿದ ಶಟರ್ ನೋಡಿದವರು ಮೂರನೆಯ ಸಲ ನೇರ ಎದುರಿನ ಅಂಗಡಿಗೆ ಹೋಗುತ್ತಾರೆ.

ಮುಚ್ಚಿದ ಗಂಟೆಯ ಮಾರಾಟವೆಲ್ಲ ಕಳೆದುಹೋಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ಬೆಳಗಿನ ತಿಂಡಿಗೆ ಬ್ರೆಡ್ಡು ಬೇಕಾದವರು ಹತ್ತೂಕಾಲಿಗೆ ಬರುತ್ತಿದ್ದದ್ದು ನೀವು ತೆರೆದಿರುತ್ತೀರಿ ಎಂಬ ಧೈರ್ಯಕ್ಕೆ. ಹತ್ತಕ್ಕೆ ಮುಚ್ಚುತ್ತಾರೆ ಎಂದು ಗೊತ್ತಾದರೆ ಅವರಲ್ಲಿ ಕೆಲವರು ಒಂಬತ್ತೂ ಮುಕ್ಕಾಲಿಗೇ ಬರುತ್ತಾರೆ. ಮೂರರಲ್ಲಿ ಒಂದು ಪಾಲು ಹೀಗೆ ಹಿಂದಕ್ಕೆ ಸರಿದರೆ 103ರಲ್ಲಿ ನಿಜವಾಗಿ ಹೋಗುವುದು 69 ಮಾತ್ರ. ಮುಚ್ಚಿದ್ದರಿಂದ ಉಳಿಯುವ ಖರ್ಚು 154. ದಿನಕ್ಕೆ 85, ಆರು ದಿನಕ್ಕೆ ಐನೂರು ರೂಪಾಯಿ ಚಿಲ್ಲರೆ.

ಕೊನೆಯ ಗಂಟೆಯ ಪರವಾಗಿ ಒಂದು ವಾದ ಇದೆ, ಅದನ್ನು ಮಾಲೀಕರೇ ಹೇಳುತ್ತಾರೆ: ಹತ್ತರ ಮೇಲೆ ಹೋಗುವ ಪಫ್ಸ್ ಬೆಳಿಗ್ಗೆಗೆ ಹಾಳು, ಆದ್ದರಿಂದ ಅದರಲ್ಲಿ ಬಂದದ್ದೆಲ್ಲ ಲಾಭವೇ, ನೂರಕ್ಕೆ 35 ಅಲ್ಲ. ಒಂದು ರಾತ್ರಿಯ ಮಟ್ಟಿಗೆ ಇದು ನಿಜ. ಮಾಡಿಟ್ಟ ಪಫ್ಸಿನ ಖರ್ಚು ಆಗಿಹೋಗಿದೆ. ಎಸೆಯುವ ಬದಲು ಮಾರಿದರೆ ಪೂರ್ತಿ ಬೆಲೆಯೂ ಕೈಗೆ ಬಂದಂತೆ. ಆದರೆ ದಿನಾ ರಾತ್ರಿ ಹತ್ತಕ್ಕೆ ಹದಿನೈದು ಪಫ್ಸ್ ಉಳಿಯುತ್ತಿವೆ ಎಂದರೆ ಸಂಜೆ ನಾಲ್ಕರ ಟ್ರೇಯಲ್ಲಿ ಹದಿನೈದು ಹೆಚ್ಚು ಇಡುತ್ತಿದ್ದೀರಿ ಎಂದರ್ಥ. ಮುಚ್ಚುವ ವೇಳೆ ಗಟ್ಟಿಯಾದರೆ ಟ್ರೇಯನ್ನೂ ಕಡಿಮೆ ಮಾಡಬಹುದು. ಆಗ ಮೈದಾ, ಬಟಾಣಿ, ಗ್ಯಾಸು ಉಳಿದು ಲೆಕ್ಕ ಮತ್ತೆ 35ಕ್ಕೇ ಬರುತ್ತದೆ. ವೇಳೆ ಬದಲಿಸಿ ಟ್ರೇ ಬದಲಿಸದಿದ್ದರೆ ಮಾತ್ರ ಮೊದಲ ಎರಡು ವಾರದಲ್ಲೇ ಕಸದ ಬುಟ್ಟಿ ತುಂಬಿ, ಬೇಗ ಮುಚ್ಚಿದ್ದೇ ತಪ್ಪಾಯಿತು ಎನ್ನಿಸುತ್ತದೆ.

ಈ ಲೆಕ್ಕದಲ್ಲಿ ದೊಡ್ಡ ದುಡ್ಡು ಇರುವುದು ರಾತ್ರಿಯ ಗಂಟೆಯಲ್ಲಲ್ಲ, ಸಂಜೆಯಲ್ಲಿ. ಗಂಟೆವಾರು ಪಟ್ಟಿಯಲ್ಲಿ ಮಾರಾಟದ ಪಕ್ಕದಲ್ಲಿ ಬಿಲ್ಲುಗಳ ಸಂಖ್ಯೆಯನ್ನೂ ಬರೆದುಕೊಂಡಿದ್ದರೆ ಇದು ಕಾಣಿಸುತ್ತದೆ. ಬೆಳಿಗ್ಗೆ ಹನ್ನೊಂದರ ಗಂಟೆಯಲ್ಲಿ ಒಂದು ದಿನ 14 ಬಿಲ್ಲು, ಇನ್ನೊಂದು ದಿನ 25. ಗಿರಾಕಿ ಬಂದಂತೆ ಏರಿಳಿಯುತ್ತದೆ. ಸಂಜೆ 6–7ರಲ್ಲಿ ಸೋಮವಾರವಾದರೂ ಶುಕ್ರವಾರವಾದರೂ 58, 60, 59. ಗಿರಾಕಿಗಳು ಇಷ್ಟು ಶಿಸ್ತಿನಿಂದ ಬರುವುದಿಲ್ಲ. ಕೌಂಟರಿನಲ್ಲಿರುವ ಇಬ್ಬರು ಗಂಟೆಗೆ ಅಷ್ಟೇ ಕಟ್ಟಿ ಕೊಡಬಲ್ಲರು, ಮಿಕ್ಕವರು ನಿಂತು ನೋಡಿ ಹೊರಟರು ಎಂದು ಅದರ ಅರ್ಥ. ಅನುಮಾನವಿದ್ದರೆ ಎರಡು ಸಂಜೆ ಹೊರಗೆ ನಿಂತು, ಬೈಕ್ ನಿಲ್ಲಿಸಿ, ಕೌಂಟರಿನತ್ತ ಇಣುಕಿ, ಏನೂ ಕೊಳ್ಳದೆ ಹೋದವರನ್ನು ಎಣಿಸಿ.

ಬೆಳಗಿನ ಹುಡುಗ ಮೂರಕ್ಕೇ ಮನೆಗೆ ಹೋಗಿರುತ್ತಾನೆ. 1ರಿಂದ 3ರವರೆಗೆ, ಗಂಟೆಗೆ 500 ಮಾರಾಟವಿರುವಾಗ, ಇಬ್ಬರು ಹುಡುಗರೂ ಕೌಂಟರಿನಲ್ಲಿರುತ್ತಾರೆ. 996 ಉಳಿಯುವ ಗಂಟೆಯಲ್ಲಿ ಒಬ್ಬ ಹುಡುಗ ಮತ್ತು ಮಾಲೀಕರು. ಪಾಳಿ ಸರಿಸಿ ಇದನ್ನು ಸರಿಪಡಿಸಲು ಆಗದಿದ್ದರೆ ಸಂಜೆ 5ರಿಂದ 8ರವರೆಗೆ ಮೂರು ಗಂಟೆಗೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಗಂಟೆಗೆ 80ರಂತೆ ದಿನಕ್ಕೆ 240. ಹೆಚ್ಚಿಗೆ ಹೋಗುವುದು ಭಟ್ಟಿಯ ಸಾಮಾನೇ ಆದ್ದರಿಂದ 0.35ರಿಂದ ಭಾಗಿಸಿ: ಸುಮಾರು 690. ಮೂರು ಗಂಟೆಗೆ ಹಂಚಿದರೆ ಗಂಟೆಗೆ 230, ಅಂದರೆ 25 ರೂಪಾಯಿಯ ಒಂಬತ್ತು ಹತ್ತು ಪಫ್ಸ್. ಹೊರಗೆ ನಿಂತು ಎಣಿಸಿದಾಗ ಗಂಟೆಗೆ ಹತ್ತು ಜನ ವಾಪಸ್ ಹೋಗುತ್ತಿದ್ದರೆ ಇದು ಗಿಟ್ಟುತ್ತದೆ. ಮೂರು ಜನ ಮಾತ್ರ ಹೋಗುತ್ತಿದ್ದರೆ ಗಿಟ್ಟುವುದಿಲ್ಲ. ಇದನ್ನೆಲ್ಲ ನೋಡಿದ ಮೇಲೆ ನನಗನ್ನಿಸುವುದು, ವೇಳೆ ಬದಲಿಸಬೇಕೆಂದು ಕುಳಿತವರು ಬಹಳ ಸಲ ಕೊನೆಗೆ ಬದಲಿಸಬೇಕಾದದ್ದು ಪಾಳಿಯನ್ನು.

ಬದಲಾವಣೆ ಮಾಡಿದ ಮೇಲೆ ಅದು ಫಲಿಸಿತೋ ಎಂದು ನೋಡುವುದಕ್ಕೂ ನಾಲ್ಕು ವಾರ ಬೇಕು, ಮತ್ತು ನೋಡಬೇಕಾದದ್ದು ಪೂರ್ತಿ ದಿನದ ಮಾರಾಟ. ಗೌರಿ ಗಣೇಶ, ದಸರಾ, ಶಾಲೆಯ ಬೇಸಿಗೆ ರಜೆ ನಡುವೆ ಬಾರದಂತೆ ವಾರಗಳನ್ನು ಆರಿಸಿಕೊಳ್ಳಿ. ಹತ್ತಕ್ಕೆ ಮುಚ್ಚತೊಡಗಿದ ಮೇಲೆ 9–10ರ ಗಂಟೆ 1,500ರಿಂದ 1,640ಕ್ಕೆ ಏರಿತು ಎನ್ನಿ. 470ರಲ್ಲಿ 140 ಹಿಂದಿನ ಗಂಟೆಗೆ ಸರಿದಿದೆ, ಮೂರರಲ್ಲಿ ಒಂದು ಎಂದುಕೊಂಡದ್ದಕ್ಕೆ ಹತ್ತಿರವೇ. ಆದರೆ ಊರಿನಲ್ಲೇ ವ್ಯಾಪಾರ ಏರಿರಬಹುದಲ್ಲ? ಅದಕ್ಕೆ ನೀವು ಕೈ ಹಾಕದ ಗಂಟೆಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ 10ರಿಂದ 12ರ ಮಾರಾಟವೂ ನೂರಕ್ಕೆ ಹತ್ತರಷ್ಟು ಏರಿದ್ದರೆ ರಾತ್ರಿಯ ಏರಿಕೆಗೂ ಅದೇ ಕಾರಣ, ಯಾರೂ ಸರಿದು ಬಂದಿಲ್ಲ. ಬೆಳಗಿನದು ಇದ್ದಲ್ಲೇ ಇದ್ದು ರಾತ್ರಿಯದು ಮಾತ್ರ ಏರಿದ್ದರೆ ಸರಿದು ಬಂದದ್ದು ನಿಜ. 9–10 ಕೂಡ ಇಳಿಯತೊಡಗಿದರೆ ಎಚ್ಚರ: ಜನ ನಿಮ್ಮನ್ನು ಬೇಗ ಮುಚ್ಚುವ ಅಂಗಡಿ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದಾರೆ, ಒಂಬತ್ತೂವರೆಗೂ ಬರುವುದನ್ನು ಬಿಟ್ಟಿದ್ದಾರೆ. ಹಾಗಾದರೆ ದಿನಕ್ಕೆ ಉಳಿಸಿದ 85ನ್ನು ಒಂಬತ್ತರ ಗಂಟೆ ತಿನ್ನಲು ಬಹಳ ಇಳಿಯಬೇಕಿಲ್ಲ. ಅಲ್ಲಿ ರೂಪಾಯಿಗೆ 25 ಪೈಸೆ ಉಳಿಯುವುದರಿಂದ 340 ರೂಪಾಯಿ ಮಾರಾಟ ಕಡಿಮೆಯಾದರೆ ಸಾಕು. ಆಗ ಬೋರ್ಡಿನ ಮೇಲೆ ವೇಳೆಯನ್ನು ದೊಡ್ಡದಾಗಿ ಬರೆಸಿ, ಗೂಗಲ್ ಮ್ಯಾಪ್‌ನಲ್ಲಿ ಹಳೆಯ ವೇಳೆ ಉಳಿದಿದೆಯೇ ನೋಡಿ, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅರ್ಧ ಶಟರ್ ಇಳಿಸುವ ಹುಡುಗನ ಆತುರವನ್ನು ನಿಲ್ಲಿಸಿ, ಇನ್ನೆರಡು ವಾರ ನೋಡಬೇಕು.

ಹೊಸದಾಗಿ ತೆರೆದ ಅಂಗಡಿಗೆ ಮಾತ್ರ ಈ ಲೆಕ್ಕವನ್ನು ಮೊದಲ ಕೆಲವು ತಿಂಗಳು ಹಚ್ಚಬೇಡಿ. ಬೀದಿಯವರಿಗೆ ಅಂಗಡಿ ಯಾವಾಗ ತೆರೆದಿರುತ್ತದೆ ಎಂಬುದೇ ಇನ್ನೂ ಗೊತ್ತಿರುವುದಿಲ್ಲ, ಆದ್ದರಿಂದ ಖಾಲಿ ಗಂಟೆ ಗಿರಾಕಿ ಇಲ್ಲದ ಗಂಟೆಯೋ ಗಿರಾಕಿಗೆ ಗೊತ್ತಿಲ್ಲದ ಗಂಟೆಯೋ ಎಂದು ಪಟ್ಟಿ ಹೇಳಲಾರದು. ಅಷ್ಟು ದಿನ ಬೆಳಗಿನ ಮೊದಲ ಗಂಟೆಯ, ರಾತ್ರಿಯ ಕೊನೆಯ ಗಂಟೆಯ ನಷ್ಟವನ್ನು ಬೋರ್ಡಿನ ಖರ್ಚಿನ ಜೊತೆ ಬರೆದುಕೊಳ್ಳುವುದೇ ಸರಿ.